ಬಂಕ್ ಮಾಲೀಕರಿಗೆ ಉದ್ದರಿ ಖಾತೆ ಮತ್ತು ರಿಯಾಯಿತಿ ಕೇಳುವ ಪತ್ರ: ನನ್ನ ಕರಡಿನಲ್ಲಿ ತಪ್ಪೆಲ್ಲಿದೆ?

ಶಾಲಾ ವಾಹನ ಗುತ್ತಿಗೆದಾರ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಎರಡು ಖಾಸಗಿ ಶಾಲೆಗಳಿಗೆ ನಾನು 12 ವಾಹನಗಳನ್ನು ಓಡಿಸುತ್ತೇನೆ. ಅವುಗಳಲ್ಲಿ 9 ದೊಡ್ಡ ಬಸ್ಸುಗಳು, 3 ಸಣ್ಣವು. ದೊಡ್ಡ ಬಸ್ಸು ದಿನಕ್ಕೆ ಸುಮಾರು 72 ಕಿ.ಮೀ. ಓಡಿ 15 ಲೀಟರ್ ಡೀಸೆಲ್ ಕುಡಿಯುತ್ತದೆ, ಸಣ್ಣ ಬಸ್ಸು 64 ಕಿ.ಮೀ.ಗೆ 8 ಲೀಟರ್. ಎಲ್ಲ ಸೇರಿ ದಿನಕ್ಕೆ 159 ಲೀಟರ್. ತಿಂಗಳಿಗೆ 24 ಶಾಲಾ ದಿನ ಹಿಡಿದರೆ 3,816 ಲೀಟರ್. ಲೀಟರಿಗೆ 91 ರೂಪಾಯಿಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 3 ಲಕ್ಷ 47 ಸಾವಿರ.

ಇಷ್ಟು ದಿನ ಚಾಲಕರ ಕೈಗೆ ನಗದು ಕೊಟ್ಟು ಹಾಕಿಸುತ್ತಿದ್ದೆ. ಶಾಲೆಯವರು ಹಿಂದಿನ ತಿಂಗಳ ಬಾಡಿಗೆಯನ್ನು ಮುಂದಿನ ತಿಂಗಳ 15ನೇ ತಾರೀಖಿನ ಹೊತ್ತಿಗೆ ಕೊಡುವುದರಿಂದ, ನನ್ನ ಹಣ ಸದಾ ಅವರಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ನಾವು ಡೀಸೆಲ್ ಹಾಕಿಸುವ ಬಂಕಿನ ಮಾಲೀಕರಿಗೆ ಈ ಪತ್ರ ಬರೆದಿದ್ದೇನೆ. ಕೊಡುವ ಮೊದಲು ಬಲ್ಲವರು ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

"ಮಾನ್ಯರೇ, ನಮ್ಮ 12 ಶಾಲಾ ವಾಹನಗಳಿಗೆ ತಮ್ಮಲ್ಲಿಯೇ ಡೀಸೆಲ್ ತುಂಬಿಸುತ್ತಿದ್ದೇವೆ. ತಿಂಗಳಿಗೆ ಸುಮಾರು 3,800 ಲೀಟರ್ ಖರೀದಿಸುವ ಗ್ರಾಹಕರಾದ ನಮಗೆ ತಾವು ಲೀಟರಿಗೆ 1 ರೂಪಾಯಿ 50 ಪೈಸೆ ರಿಯಾಯಿತಿ ನೀಡಬೇಕೆಂದೂ, ತಿಂಗಳ ಕೊನೆಗೆ ಒಂದೇ ಬಿಲ್ ಮಾಡಿ ಮುಂದಿನ ತಿಂಗಳ 15ರೊಳಗೆ ಪಾವತಿಸಲು ಅವಕಾಶ ಕೊಡಬೇಕೆಂದೂ, ನಮ್ಮ ಖಾತೆಗೆ 3 ಲಕ್ಷ 50 ಸಾವಿರ ರೂಪಾಯಿಗಳ ಉದ್ದರಿ ಮಿತಿ ನಿಗದಿಪಡಿಸಬೇಕೆಂದೂ ವಿನಂತಿ."

ಹುಮನಾಬಾದ್ ಲಾರಿ

ಸರ್, ತಾವು ಬಂಕಿಗೆ ಏಕೆ ಹೋಗುತ್ತೀರಿ? ದೊಡ್ಡ ಪ್ರಮಾಣದಲ್ಲಿ ಡೀಸೆಲ್ ಬೇಕಾದವರು ನೇರವಾಗಿ ತೈಲ ಕಂಪನಿಯಿಂದಲೇ ಸಗಟು ದರದಲ್ಲಿ ತರಿಸಿಕೊಳ್ಳಬಹುದು. ನಡುವೆ ಡೀಲರನ ಕಮಿಷನ್ ಇಲ್ಲದಿರುವುದರಿಂದ ಸಗಟು ದರ ಯಾವಾಗಲೂ ಕಡಿಮೆಯೇ ಇರುತ್ತದೆ. ನಮ್ಮ ಪರಿಚಯದ ಕಾರ್ಖಾನೆಯೊಂದು ಹಾಗೆಯೇ ತರಿಸುತ್ತಿತ್ತು.

ಬಂಕ್ ನಡೆಸುವವ, ಸೇಡಂ ರಸ್ತೆ

ಲಾರಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಕಂಪನಿಗಳು ನೇರವಾಗಿ ಸಗಟು ಮಾರುವುದು ನಿಜ, ಆದರೆ "ಯಾವಾಗಲೂ ಕಡಿಮೆ" ಎಂಬುದು ನಿಜವಲ್ಲ. 2022ರ ಮಾರ್ಚ್‌ನಲ್ಲಿ ಸಗಟು ಡೀಸೆಲ್ ದರ ಬಂಕಿನ ದರಕ್ಕಿಂತ ಸುಮಾರು 25 ರೂಪಾಯಿಯಷ್ಟು ಮೇಲೇರಿತ್ತು, ಆಗ ಹಲವು ರಾಜ್ಯಗಳ ಸಾರಿಗೆ ಸಂಸ್ಥೆಗಳ ಬಸ್ಸುಗಳೇ ಖಾಸಗಿ ಬಂಕುಗಳ ಮುಂದೆ ಸಾಲುಗಟ್ಟಿ ನಿಂತವು. ಸಗಟು ದರ ಅಂತರರಾಷ್ಟ್ರೀಯ ಬೆಲೆಯ ಹಿಂದೆ ಓಡುತ್ತದೆ, ಬಂಕಿನ ದರ ಹಲವು ಬಾರಿ ತಡೆಹಿಡಿದಂತೆ ನಿಂತಿರುತ್ತದೆ. ಅದೂ ಅಲ್ಲದೆ, ಸಗಟು ತರಿಸಿದರೆ ತುಂಬಿಡಲು ಟ್ಯಾಂಕ್ ಬೇಕು, ಪಂಪ್ ಬೇಕು. 12 ವಾಹನಗಳಿಗೆ ಅಷ್ಟೆಲ್ಲ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಪತ್ರದ ಮಾತು. ಗುತ್ತಿಗೆದಾರರೇ, ತಮ್ಮ ಪತ್ರವನ್ನು ನಾನು ಬಂಕ್ ಮಾಲೀಕನ ಕುರ್ಚಿಯಲ್ಲಿ ಕುಳಿತು ಓದಿದೆ. ಅದರಲ್ಲಿ ತಾವು ಎರಡು ಬೇಡಿಕೆ ಇಟ್ಟಿದ್ದೇನೆಂದು ಭಾವಿಸಿದ್ದೀರಿ. ನನ್ನ ಕಣ್ಣಿಗೆ ಅದು ಒಂದೇ ಬೇಡಿಕೆಯನ್ನು ಎರಡು ಬಾರಿ ಕೇಳಿದಂತೆ ಕಾಣುತ್ತದೆ, ಏಕೆಂದರೆ ರಿಯಾಯಿತಿಯೂ ಉದ್ದರಿಯೂ ಹೊರಡುವುದು ಒಂದೇ ಜೇಬಿನಿಂದ. ಡೀಸೆಲ್ ಮೇಲೆ ನಮಗೆ ಸಿಗುವ ಕಮಿಷನ್ ಲೀಟರಿಗೆ ಎರಡೂವರೆ ರೂಪಾಯಿಯ ಆಸುಪಾಸು. ಹುಡುಗರ ಸಂಬಳ, ಕರೆಂಟ್ ಬಿಲ್, ಆವಿಯಾಗಿ ಹೋಗುವ ನಷ್ಟ ಎಲ್ಲವೂ ಅದರಲ್ಲಿಯೇ ಆಗಬೇಕು. ಟ್ಯಾಂಕರ್ ಬರುವ ಮೊದಲೇ ಕಂಪನಿಗೆ ಹಣ ಹೋಗಿರುತ್ತದೆ, ಆ ಹಣವನ್ನು ನಾನು ಬ್ಯಾಂಕಿನ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲದ ಖಾತೆಯಿಂದ ತೆಗೆಯುತ್ತೇನೆ.

ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಹಿಡಿದರೆ 91 ರೂಪಾಯಿಗೆ ದಿನಕ್ಕೆ 3 ಪೈಸೆ ಬೀಳುತ್ತದೆ. ತಾವು ತಿಂಗಳ 1ನೇ ತಾರೀಖು ಹಾಕಿಸಿದ ಡೀಸೆಲ್‌ಗೆ 45 ದಿನ, 30ರಂದು ಹಾಕಿಸಿದ್ದಕ್ಕೆ 15 ದಿನ ನಾನು ಕಾಯಬೇಕು. ಸರಾಸರಿ 30 ದಿನ. ಅಂದರೆ ಉದ್ದರಿಯ ಬಡ್ಡಿಯೇ ಲೀಟರಿಗೆ 90 ಪೈಸೆ. ಅದರ ಮೇಲೆ ಒಂದೂವರೆ ರೂಪಾಯಿ ರಿಯಾಯಿತಿ ಸೇರಿಸಿದರೆ 2 ರೂಪಾಯಿ 40 ಪೈಸೆ ಹೋಯಿತು. ಉಳಿದ 10 ಪೈಸೆಯಲ್ಲಿ ನಾನು ಬಂಕಿನ ದೀಪ ಹಚ್ಚಬೇಕೋ ಆರಿಸಬೇಕೋ? ಇಂಥ ಪತ್ರ ಬಂದಾಗ ನಾವು "ನೋಡೋಣ" ಎನ್ನುತ್ತೇವೆ. ಅದರ ಅರ್ಥ ಇಲ್ಲ ಎಂದೇ.

ಯಾದಗಿರಿ ಜೆಸಿಬಿ

ನನ್ನ ಅನುಭವ ಹೇಳುತ್ತೇನೆ. ನನ್ನ ಹತ್ತಿರ ಎರಡು ಜೆಸಿಬಿಗಳಿವೆ, ಶಹಾಪುರ ಮತ್ತು ಸುರಪುರದ ಕಡೆ ಕೆಲಸ ನಡೆಯುತ್ತದೆ. ಯಂತ್ರವನ್ನು ಬಂಕಿಗೆ ಒಯ್ಯಲಾಗದ ಕಾರಣ ಬಂಕಿನವರೇ ಡೀಸೆಲ್ ಸಾಗಿಸುವ ವಾಹನವನ್ನು ಕೆಲಸದ ಜಾಗಕ್ಕೆ ಕಳುಹಿಸುತ್ತಾರೆ, ಇಲ್ಲವಾದರೆ ಬ್ಯಾರೆಲ್‌ನಲ್ಲಿ ತರಿಸಿ ಇಡುತ್ತೇನೆ. ತಾವೂ ಬಸ್ ನಿಲ್ಲಿಸುವ ಜಾಗದಲ್ಲಿ 200 ಲೀಟರಿನ ಎಂಟು ಹತ್ತು ಬ್ಯಾರೆಲ್ ಇಟ್ಟುಕೊಂಡರೆ ಬಂಕಿನವರ ಮುಂದೆ ಕೈಯೊಡ್ಡುವ ಅಗತ್ಯವೇ ಬರುವುದಿಲ್ಲ. ಬೆಲೆ ಏರುವ ಸುದ್ದಿ ಬಂದಾಗ ಮೊದಲೇ ತುಂಬಿಸಿಕೊಳ್ಳಬಹುದು.

ಬಂಕ್ ನಡೆಸುವವ, ಸೇಡಂ ರಸ್ತೆ

ಅಣ್ಣಾ, ಅವರು ಕೇಳುತ್ತಿರುವುದು ಹಣ ಕೊಡುವ ದಿನದ ಬಗ್ಗೆ, ಡೀಸೆಲ್ ಇಡುವ ಜಾಗದ ಬಗ್ಗೆ ಅಲ್ಲ. ಆದರೂ ತಾವು ಎತ್ತಿದ್ದರಿಂದ ಹೇಳುತ್ತೇನೆ: ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಡೀಸೆಲ್‌ನಂಥ ಎಣ್ಣೆಯನ್ನು ಪರವಾನಗಿ ಇಲ್ಲದೆ ಒಂದು ಸ್ಥಳದಲ್ಲಿ 2,500 ಲೀಟರ್ ಮೀರದಂತೆ, ಯಾವುದೇ ಒಂದು ಪಾತ್ರೆ 1,000 ಲೀಟರ್ ಮೀರದಂತೆ ಇಡಬಹುದು. ಹಾಗಾಗಿ ಹತ್ತು ಬ್ಯಾರೆಲ್ ಆ ಮಿತಿಯೊಳಗೇ ಬರುತ್ತದೆ. ಆದರೆ ಮಕ್ಕಳ ಬಸ್ಸುಗಳು ನಿಲ್ಲುವ ಜಾಗದಲ್ಲಿ, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ, ಕೈಪಂಪಿನಿಂದ ಡೀಸೆಲ್ ಎತ್ತುವ ಕೆಲಸವನ್ನು ಯಾವ ಶಾಲೆಯವರೂ ಒಪ್ಪಲಾರರು.

ಶಾಲಾ ವಾಹನ ಗುತ್ತಿಗೆದಾರ, ಕಲಬುರಗಿ

ಬ್ಯಾರೆಲ್ ನನಗೆ ಬೇಡ. ಸೇಡಂ ರಸ್ತೆಯ ಸರ್ ಅವರ ಲೆಕ್ಕ ನನ್ನ ಕಣ್ಣು ತೆರೆಸಿದೆ. ಹಾಗಾದರೆ ರಿಯಾಯಿತಿಯನ್ನು ಕೈಬಿಟ್ಟು, ತಿಂಗಳ ಉದ್ದರಿಯನ್ನು ಮಾತ್ರ ಕೇಳಲೇ? ಮೂರೂವರೆ ಲಕ್ಷದ ಮಿತಿಗೆ ಅವರು ಒಪ್ಪಿದರೆ ನನ್ನ ಕೆಲಸ ನಡೆಯುತ್ತದೆ.

ಭಾಲ್ಕಿ ಬಸ್ಸು

ನಡೆಯುವುದಿಲ್ಲ ಸರ್, ನಾನು ಪೆಟ್ಟು ತಿಂದವನು. ನಾನೂ ಒಂದು ತಿಂಗಳ ಖರ್ಚು ಎಷ್ಟೋ ಅಷ್ಟೇ ಮಿತಿ ಕೇಳಿ ಪಡೆದಿದ್ದೆ. ಜುಲೈ ತಿಂಗಳು ಸರಾಗವಾಗಿ ಕಳೆಯಿತು. ಆಗಸ್ಟ್ 2ರ ಬೆಳಗ್ಗೆ ಆರೂವರೆಗೆ ಚಾಲಕ ಫೋನ್ ಮಾಡಿ, "ಸಾಹೇಬ್ರ, ಖಾತಾ ಬಂದ್ ಅಂತಾರ, ಎಣ್ಣಿ ಹಾಕವಲ್ರು" ಎಂದ. ಬಂಕಿನ ಹುಡುಗನದು ತಪ್ಪಿರಲಿಲ್ಲ, ಕಂಪ್ಯೂಟರಿನಲ್ಲಿ ಮಿತಿ ಮುಗಿದಿತ್ತು. ಜುಲೈ ಬಿಲ್ ಕಟ್ಟಲು ನನಗಿನ್ನೂ 13 ದಿನ ಅವಕಾಶವಿತ್ತು, ಆದರೆ ಆಗಸ್ಟ್‌ನ ಡೀಸೆಲ್‌ಗೆ ಖಾತೆಯಲ್ಲಿ ಜಾಗ ಇರಲಿಲ್ಲ. ಅಂದು ನಾಲ್ಕು ಬಸ್ಸುಗಳು ತಡವಾಗಿ ಹೋದವು, ಶಾಲೆಯವರು ಆ ದಿನದ ಬಾಡಿಗೆ ಕಡಿತ ಮಾಡಿದರು.

ಇನ್ನೊಂದು ಮಾತು. ನಮ್ಮ ಬೀದರ್ ಜಿಲ್ಲೆಯಲ್ಲಿ, ಅದರಲ್ಲೂ ಮನ್ನಾಎಖೇಳಿಯ ಕಡೆ ಹೆದ್ದಾರಿಯ ಮೇಲಿರುವ ಬಂಕಿನವರು ಉದ್ದರಿ ಎಂದರೆ ಮುಖ ತಿರುಗಿಸುತ್ತಾರೆ. ತೆಲಂಗಾಣದಲ್ಲಿ ಡೀಸೆಲ್ ನಮಗಿಂತ ದುಬಾರಿ ಇರುವುದರಿಂದ ಆ ಕಡೆಯ ಲಾರಿಗಳು ಇಲ್ಲಿಗೇ ಬಂದು ನಗದು ಕೊಟ್ಟು ತುಂಬಿಸಿಕೊಳ್ಳುತ್ತವೆ. ಊರೊಳಗಿನ, ಮಾರಾಟ ಕಡಿಮೆ ಇರುವ ಬಂಕಿನವರೇ ನಮ್ಮಂಥವರ ಪತ್ರವನ್ನು ಓದುತ್ತಾರೆ.

ಲೆಕ್ಕದ ಅಕ್ಕ, ಬೀದರ್

ಭಾಲ್ಕಿಯವರು ಹೇಳಿದ್ದಕ್ಕೆ ಅಂಕಿ ಸೇರಿಸುತ್ತೇನೆ. ಗುತ್ತಿಗೆದಾರರೇ, ತಾವು 15ರಂದು ಹಣ ಕಟ್ಟುವ ಬೆಳಗ್ಗೆ ಖಾತೆಯಲ್ಲಿ ಹಿಂದಿನ ತಿಂಗಳ 3,47,256 ರೂಪಾಯಿಯ ಜೊತೆಗೆ ಈ ತಿಂಗಳ 12 ಶಾಲಾ ದಿನಗಳ 1,73,628 ರೂಪಾಯಿಯೂ ಇರುತ್ತದೆ. ಒಟ್ಟು 5 ಲಕ್ಷ 20 ಸಾವಿರ ದಾಟುತ್ತದೆ. ಮೂರೂವರೆ ಲಕ್ಷ ಕೇಳಿದರೆ ಮೊದಲ ತಾರೀಖಿಗೇ ಖಾತೆ ಬಂದ್ ಆಗುತ್ತದೆ, ಐದು ಲಕ್ಷ ಕೇಳಿದರೆ ಮಾಲೀಕರು ಹೆದರುತ್ತಾರೆ. ಮಿತಿಯನ್ನು ಬಿಲ್ಲಿನ ಮೊತ್ತ ನೋಡಿ ಬರೆಯಬಾರದು, ಹಣ ಕಟ್ಟುವ ಹಿಂದಿನ ದಿನದ ಬಾಕಿ ನೋಡಿ ಬರೆಯಬೇಕು.

ಹದಿನೈದು ದಿನಕ್ಕೊಂದು ಬಿಲ್, ಬಿಲ್ ಆದ ಏಳು ದಿನದಲ್ಲಿ ಪಾವತಿ ಎಂದು ಕೇಳಿ ನೋಡಿ. ಆಗ ಗರಿಷ್ಠ ಬಾಕಿ 12 ದಿನ ಮತ್ತು 6 ದಿನ ಸೇರಿ 2 ಲಕ್ಷ 60 ಸಾವಿರದಷ್ಟು ಆಗುತ್ತದೆ, ಅಂದರೆ ಸರಿಯಾಗಿ ಅರ್ಧ. ಮಾಲೀಕರ ಬಡ್ಡಿಯ ಹೊರೆಯೂ 90 ಪೈಸೆಯಿಂದ 45 ಪೈಸೆಯ ಹತ್ತಿರಕ್ಕೆ ಇಳಿಯುತ್ತದೆ. ಆಗ 50 ಪೈಸೆ ರಿಯಾಯಿತಿ ಕೇಳಲು ತಮಗೆ ಬಾಯಿ ಬರುತ್ತದೆ.

ಆದರೆ ಲಾಭವೆಷ್ಟು ಎಂಬುದನ್ನೂ ನೋಡಬೇಕು. ಮೊದಲ ಹದಿನೈದು ದಿನದ ಬಿಲ್ಲನ್ನು ತಾವು 22ಕ್ಕೆ ಕಟ್ಟಬೇಕು, ಶಾಲೆಯ ಹಣ ಬರುವುದು ಮುಂದಿನ 15ಕ್ಕೆ. ಆ 24 ದಿನ ಬ್ಯಾಂಕಿನ ಓಡಿಯಿಂದ ತೆಗೆದರೆ ನೂರಕ್ಕೆ 12ರಂತೆ 1,370 ರೂಪಾಯಿ ಬಡ್ಡಿ. ಎರಡನೆಯ ಬಿಲ್ಲಿಗೆ ಎಂಟು ದಿನದ 457 ರೂಪಾಯಿ. ಒಟ್ಟು 1,827. ಐವತ್ತು ಪೈಸೆಯಂತೆ ಸಿಗುವ ರಿಯಾಯಿತಿ 1,908. ಉಳಿಯುವುದು 81 ರೂಪಾಯಿ, ಒಂದು ಲೀಟರಿಗೂ ಸಾಲದು! ಬಂಕಿನವರು ಹೇಳಿದ "ಒಂದೇ ಜೇಬು" ಎಂಬ ಮಾತು ತಮ್ಮ ಕಡೆಯಿಂದ ನೋಡಿದರೂ ನಿಜವೇ.

ಶಾಲಾ ವಾಹನ ಗುತ್ತಿಗೆದಾರ, ಕಲಬುರಗಿ

ಅಕ್ಕಾವ್ರೇ, 81 ರೂಪಾಯಿಗಾಗಿ ಇಷ್ಟೆಲ್ಲ ಏಕೆ? ನಗದು ಕೊಡುವುದನ್ನೇ ಮುಂದುವರಿಸಿದರೆ ತಪ್ಪೇನು?

ಲೆಕ್ಕದ ಅಕ್ಕ, ಬೀದರ್

ತಪ್ಪಿದೆ. ತಾವು ಒಂದೇ ಬಂಕಿಗೆ ದಿನಕ್ಕೆ 14 ಸಾವಿರಕ್ಕೂ ಹೆಚ್ಚು ನಗದು ಕೊಡುತ್ತಿದ್ದೀರಿ. ಒಬ್ಬರಿಗೇ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟ ವ್ಯಾಪಾರದ ಖರ್ಚನ್ನು ಆದಾಯ ತೆರಿಗೆಯವರು ಖರ್ಚೆಂದು ಒಪ್ಪುವುದಿಲ್ಲ. ಪರಿಶೀಲನೆಗೆ ಬಂದರೆ ಆ ಡೀಸೆಲ್ ಖರ್ಚೆಲ್ಲ ಲಾಭವೆಂದು ಲೆಕ್ಕಕ್ಕೆ ಸೇರುತ್ತದೆ. ಬ್ಯಾಂಕಿನ ಮೂಲಕ ಕಟ್ಟುವ ಖಾತೆ ಇದೊಂದು ಕಾರಣಕ್ಕೇ ಬೇಕು.

ಭಾಲ್ಕಿ ಬಸ್ಸು

ಅದಕ್ಕಿಂತ ದೊಡ್ಡ ಕಾರಣ ಚೀಟಿ. ನಗದು ಕೊಟ್ಟಾಗ ಎಷ್ಟು ಲೀಟರ್ ಬಿತ್ತೆಂಬುದು ಚಾಲಕ ಹೇಳಿದ್ದೇ ಲೆಕ್ಕ. ನನ್ನ ಒಂದು ಬಸ್ಸು ಲೀಟರಿಗೆ 4.8 ಕಿ.ಮೀ. ಕೊಡುತ್ತಿದ್ದದ್ದು ಎರಡು ತಿಂಗಳಲ್ಲಿ 4.1ಕ್ಕೆ ಇಳಿಯಿತು. ಮೆಕ್ಯಾನಿಕ್‌ಗೆ ತೋರಿಸಿದೆ, ಕ್ಲಚ್ ನೋಡಿದ, ನಾಜಲ್ ನೋಡಿದ, ಏನೂ ಸಿಗಲಿಲ್ಲ. ಕೊನೆಗೆ ಆ ಬಸ್ಸಿಗೆ ಬೇರೆ ಚಾಲಕನನ್ನು ಹಾಕಿದ ವಾರದಲ್ಲಿಯೇ ಅದು ಮತ್ತೆ 4.8ಕ್ಕೆ ಬಂತು. ಚೀಟಿಯಲ್ಲಿ 25 ಲೀಟರ್ ಬರೆದು 20 ತುಂಬಿಸಿ, ಉಳಿದ ಹಣವನ್ನು ಬಂಕಿನ ಹುಡುಗನೂ ಚಾಲಕನೂ ಹಂಚಿಕೊಳ್ಳುತ್ತಿದ್ದರೆಂದು ನನ್ನ ಅನುಮಾನ. ಸಾಬೀತು ಮಾಡಲಾಗಲಿಲ್ಲ, ಹಾಗಾಗಿ ಯಾರ ಮೇಲೂ ಹೊರಿಸುವುದಿಲ್ಲ.

ಈಗ ಪ್ರತಿ ಬಾರಿಯೂ ಟ್ಯಾಂಕ್ ಪೂರ್ತಿ ತುಂಬಿಸುತ್ತೇನೆ. ಚೀಟಿಯ ಮೇಲೆ ವಾಹನ ಸಂಖ್ಯೆ, ಮೀಟರಿನ ಕಿ.ಮೀ., ಲೀಟರ್, ಆ ದಿನದ ದರ, ಚಾಲಕನ ಸಹಿ ಇರಲೇಬೇಕು. ಹಿಂದಿನ ಪೂರ್ತಿ ಟ್ಯಾಂಕಿನಿಂದ ಈ ಪೂರ್ತಿ ಟ್ಯಾಂಕಿನವರೆಗಿನ ಕಿ.ಮೀ.ಯನ್ನು ಲೀಟರಿನಿಂದ ಭಾಗಿಸಿದರೆ ಸಾಕು, ಕಳ್ಳತನವಾಗಲಿ ಎಂಜಿನ್ ದೋಷವಾಗಲಿ ಒಂದು ವಾರದಲ್ಲಿ ಕಣ್ಣಿಗೆ ಬೀಳುತ್ತದೆ. ಅರ್ಧ ಟ್ಯಾಂಕಿಗೆ ಹಾಕಿಸಿದರೆ ಈ ಲೆಕ್ಕ ಬರುವುದಿಲ್ಲ. ತಮ್ಮ 3,816 ಲೀಟರಿನಲ್ಲಿ ನೂರಕ್ಕೆ ಒಂದು ಲೀಟರ್ ಸೋರಿದರೂ ತಿಂಗಳಿಗೆ ಸುಮಾರು 3,470 ರೂಪಾಯಿ. ಅಕ್ಕ ಹೇಳಿದ 50 ಪೈಸೆ ರಿಯಾಯಿತಿಗಿಂತ ಹೆಚ್ಚು.

ಹುಮನಾಬಾದ್ ಲಾರಿ

ಸಗಟು ದರದ ವಿಷಯದಲ್ಲಿ ತಿದ್ದಿದ್ದಕ್ಕೆ ಧನ್ಯವಾದ. ಇನ್ನೊಂದು ಪ್ರಶ್ನೆ: ಚೀಟಿಯ ಬದಲು ಕಂಪನಿಗಳ ಫ್ಲೀಟ್ ಕಾರ್ಡ್ ಇದೆಯಲ್ಲ, ಎಕ್ಸ್‌ಟ್ರಾಪವರ್, ಸ್ಮಾರ್ಟ್‌ಫ್ಲೀಟ್, ಡ್ರೈವ್‌ಟ್ರ್ಯಾಕ್ ಪ್ಲಸ್? ನಮ್ಮ ಲಾರಿಗೆ ಅದನ್ನೇ ಬಳಸುತ್ತೇವೆ. ಪ್ರತಿ ವಾಹನಕ್ಕೂ ಬೇರೆ ಕಾರ್ಡ್, ಬೇರೆ ಮಿತಿ. ಯಾವ ವಾಹನಕ್ಕೆ ಎಷ್ಟು ರೂಪಾಯಿಯ ಡೀಸೆಲ್ ಎಂದು ಫೋನಿಗೇ ಬರುತ್ತದೆ.

ಬಂಕ್ ನಡೆಸುವವ, ಸೇಡಂ ರಸ್ತೆ

ಈ ಬಾರಿ ಲಾರಿಯವರ ಮಾತು ಸರಿಯಾಗಿದೆ, ಆದರೆ ಕಾರ್ಡಿಗೆ ಸಾಮಾನ್ಯವಾಗಿ ಹಣ ಮೊದಲೇ ತುಂಬಬೇಕು. ಹೆದ್ದಾರಿಯಲ್ಲಿ ಹತ್ತಾರು ಬಂಕುಗಳಲ್ಲಿ ಹಾಕಿಸುವ ಲಾರಿಗೆ ಅದು ಬಹಳ ಚೆಂದ. ಒಂದೇ ಬಂಕಿನಲ್ಲಿ ಬೆಳಗ್ಗೆ ಹನ್ನೆರಡು ವಾಹನ ನಿಲ್ಲುವವರಿಗೆ ಉದ್ದರಿಯ ಅನುಕೂಲ ಅದರಲ್ಲಿ ಸಿಗುವುದು ಕಷ್ಟ.

ಗುತ್ತಿಗೆದಾರರಿಗೆ ಇನ್ನೊಂದು ಸೂಚನೆ. ರಿಯಾಯಿತಿಯನ್ನು ಬಂಕಿನ ದರ ಕಡಿಮೆ ಮಾಡುವ ಮಾತಾಗಿ ಬರೆಯಬೇಡಿ. ಮಾರಾಟದ ದರ ಕಂಪನಿಯದು, 2017ರ ಜೂನ್‌ನಿಂದ ಬೆಳಗ್ಗೆ ಆರಕ್ಕೆ ಬದಲಾಗುವ ಪದ್ಧತಿ ಇದೆ, ಅದನ್ನು ನಾನು ಮುಟ್ಟುವಂತಿಲ್ಲ. ಬಿಲ್ ಆ ಆ ದಿನದ ದರಕ್ಕೇ ಆಗಬೇಕು, ರಿಯಾಯಿತಿಯನ್ನು ಲೀಟರಿಗೆ ಇಷ್ಟು ಪೈಸೆ ಎಂದು ಬಿಲ್ಲಿನ ಕೊನೆಗೆ ಬೇರೆಯಾಗಿ ಕಳೆಯಬೇಕು. ಶೇಕಡಾವಾರು ಬರೆದರೆ ದರ ಏರಿದಾಗ ನನ್ನ ನಷ್ಟವೂ ಏರುತ್ತದೆ, ಕಮಿಷನ್ ಹಾಗೆ ಏರುವುದಿಲ್ಲ.

ಭಾಲ್ಕಿ ಬಸ್ಸು

ನಮ್ಮ ಬಂಕಿನವರು ಮಾತ್ರ, ಡೀಲರ್ ತನ್ನ ಕಮಿಷನ್ನಿನಿಂದ ಕೊಟ್ಟರೂ ಕಂಪನಿಯ ಸೇಲ್ಸ್ ಆಫೀಸರ್ ಆಕ್ಷೇಪಿಸುತ್ತಾರೆ ಎಂದು ಹೇಳಿ ಕೈತೊಳೆದುಕೊಂಡರು.

ಬಂಕ್ ನಡೆಸುವವ, ಸೇಡಂ ರಸ್ತೆ

ನಾನು ಕೊಡುತ್ತಿದ್ದೇನೆ, ಈವರೆಗೆ ಯಾರೂ ಕೇಳಿಲ್ಲ. ಅವರು ಹೇಳಿದ್ದು ನಿಜವಾದ ಕಾರಣವೋ ನೆಪವೋ ನಾನು ತೀರ್ಪು ಕೊಡಲಾರೆ.

ಯಾದಗಿರಿ ಜೆಸಿಬಿ

ನನ್ನಿಂದ ಒಂದು ಎಚ್ಚರಿಕೆ. ಖಾತೆ ತೆರೆಯುವಾಗ ಸಹಿ ಮಾಡಿದ ಖಾಲಿ ಚೆಕ್ ಕೇಳುತ್ತಾರೆ. ಧೈರ್ಯವಾಗಿ ಕೊಡಿ. ಭದ್ರತೆಗೆ ಕೊಟ್ಟ ಚೆಕ್ ಬೌನ್ಸ್ ಆದರೂ ಕೇಸ್ ನಿಲ್ಲುವುದಿಲ್ಲ ಎಂದು ನಮ್ಮೂರಿನ ಹಿರಿಯರೊಬ್ಬರು ಹೇಳಿದ್ದಾರೆ.

ಲೆಕ್ಕದ ಅಕ್ಕ, ಬೀದರ್

ದಯವಿಟ್ಟು ಆ ಮಾತನ್ನು ನಂಬಬೇಡಿ. ಚೆಕ್ ಬ್ಯಾಂಕಿಗೆ ಹಾಕಿದ ದಿನ ನಿಜವಾದ ಬಾಕಿ ಇದ್ದರೆ, ಅದು ಭದ್ರತೆಯ ಚೆಕ್ ಎಂಬ ಒಂದೇ ಕಾರಣದಿಂದ ಪಾರಾಗಲು ಆಗುವುದಿಲ್ಲ. ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ಅವರು ನೋಟಿಸ್ ಕೊಡಬಹುದು, ನೋಟಿಸ್ ಮುಟ್ಟಿದ 15 ದಿನದಲ್ಲಿ ತಾವು ಕಟ್ಟದಿದ್ದರೆ ಮೊಕದ್ದಮೆ. ಖಾಲಿ ಚೆಕ್ ಬದಲು ಒಂದು ವಾರದ ಡೀಸೆಲ್‌ನಷ್ಟು ಹಣವನ್ನು ಠೇವಣಿ ಇಡುವೆನೆಂದು ಪತ್ರದಲ್ಲಿಯೇ ಬರೆಯಿರಿ. ಆರು ಶಾಲಾ ದಿನಕ್ಕೆ 86,814 ಆಗುತ್ತದೆ, 85 ಸಾವಿರ ಎಂದರೆ ಸಾಕು.

ಶಾಲಾ ವಾಹನ ಗುತ್ತಿಗೆದಾರ, ಕಲಬುರಗಿ

ಎರಡು ದಿನ ಕುಳಿತು ಪತ್ರವನ್ನು ಮತ್ತೆ ಬರೆದಿದ್ದೇನೆ.

"ಮಾನ್ಯರೇ,

ವಿಷಯ: ಹದಿನೈದು ದಿನಗಳ ಉದ್ದರಿ ಖಾತೆ ಮತ್ತು ಖರೀದಿಯ ಪ್ರಮಾಣಕ್ಕೆ ತಕ್ಕ ರಿಯಾಯಿತಿ ಕುರಿತು.

ನಮ್ಮ 12 ಶಾಲಾ ವಾಹನಗಳಿಗೆ ಪ್ರತಿ ಶಾಲಾ ದಿನ ಸುಮಾರು 159 ಲೀಟರ್ ಡೀಸೆಲ್ ಬೇಕಾಗುತ್ತದೆ. ದಸರಾ ರಜೆಯಲ್ಲಿಯೂ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆಯಲ್ಲಿಯೂ ವಾಹನಗಳು ನಿಲ್ಲುವುದರಿಂದ ಆ ಅವಧಿಗೆ ಯಾವುದೇ ಪ್ರಮಾಣದ ಭರವಸೆ ಕೊಡಲಾರೆವು. ಉಳಿದ ಎಲ್ಲ ಶಾಲಾ ದಿನಗಳಲ್ಲಿ ತಮ್ಮ ಬಂಕಿನಲ್ಲಿಯೇ ತುಂಬಿಸುತ್ತೇವೆ.

ಪ್ರತಿ ತಿಂಗಳ 15ಕ್ಕೂ ಕೊನೆಯ ದಿನಕ್ಕೂ ಬಿಲ್ ಮಾಡಿ, ಏಳು ದಿನದೊಳಗೆ ಬ್ಯಾಂಕ್ ಮೂಲಕ ಪಡೆಯಲು ತಾವು ಒಪ್ಪಬೇಕೆಂದು ವಿನಂತಿ. ಖಾತೆಯ ಮಿತಿ 2 ಲಕ್ಷ 75 ಸಾವಿರ ರೂಪಾಯಿ ಇರಲಿ. ಇದಕ್ಕೆ ಭದ್ರತೆಯಾಗಿ 85 ಸಾವಿರ ರೂಪಾಯಿ ಠೇವಣಿ ಇಡಲು ಸಿದ್ಧರಿದ್ದೇವೆ. ಏಳು ದಿನ ಮೀರಿದರೆ ಲಿಖಿತ ಸೂಚನೆಯಿಲ್ಲದೆಯೂ ತಾವು ಪೂರೈಕೆ ನಿಲ್ಲಿಸಬಹುದು, ಆದರೆ ಹಿಂದಿನ ಸಂಜೆಯೇ ಫೋನಿನಲ್ಲಿ ತಿಳಿಸಬೇಕು, ಬೆಳಗ್ಗೆ ಬಸ್ಸು ಬಂದು ನಿಂತ ಮೇಲೆ ಅಲ್ಲ.

ಬಿಲ್ ತುಂಬಿಸಿದ ದಿನದ ದರದಲ್ಲಿಯೇ ಇರಲಿ. ಮೊದಲ ಮೂರು ತಿಂಗಳು ಪಾವತಿ ತಪ್ಪದಿದ್ದರೆ, ನಾಲ್ಕನೆಯ ತಿಂಗಳಿಂದ ಲೀಟರಿಗೆ 50 ಪೈಸೆಯನ್ನು ಬಿಲ್ಲಿನಲ್ಲಿ ಕಳೆಯಬೇಕೆಂದು ಕೋರುತ್ತೇವೆ. ನಮ್ಮ ಸಹಿಯ ಚೀಟಿ ಇಲ್ಲದೆ, ವಾಹನ ಸಂಖ್ಯೆ ಮತ್ತು ಮೀಟರ್ ಅಂಕಿ ಬರೆಯದೆ ಯಾವ ವಾಹನಕ್ಕೂ ಡೀಸೆಲ್ ಹಾಕಬಾರದು. ಹಾಗೆ ಹಾಕಿದ ಡೀಸೆಲ್‌ಗೆ ನಾವು ಹಣ ಕೊಡುವುದಿಲ್ಲ.

ತಮ್ಮ ವಿಶ್ವಾಸಿ"

ಬಂಕ್ ನಡೆಸುವವ, ಸೇಡಂ ರಸ್ತೆ

ಇದು ನನ್ನ ಮೇಜಿಗೆ ಬಂದಿದ್ದರೆ ಓದಿ ಕರೆಯುತ್ತಿದ್ದೆ. ಒಂದು ಮಾತಿಗೆ ಮಾತ್ರ ಒಪ್ಪುತ್ತಿರಲಿಲ್ಲ: ಠೇವಣಿ ಒಂದು ವಾರದ್ದು, ಬಾಕಿ ಮೂರು ವಾರದ್ದು. ಉಳಿದ ಎರಡು ವಾರಕ್ಕೆ ಚೆಕ್ ಕೇಳಿಯೇ ಕೇಳುತ್ತೇನೆ, ಅಕ್ಕ ಬೇಸರಿಸಬಾರದು.

ಲೆಕ್ಕದ ಅಕ್ಕ, ಬೀದರ್

ಬೇಸರವಿಲ್ಲ. ಚೆಕ್ ಕೊಡುವುದಾದರೆ ಹೆಸರು ಬರೆದು, ಸಂಖ್ಯೆಯನ್ನು ಪತ್ರದಲ್ಲಿ ನಮೂದಿಸಿ, ಬಂಕ್ ಮಾಲೀಕರ ಸಹಿ ಇರುವ ಒಂದು ಪ್ರತಿಯನ್ನು ಗುತ್ತಿಗೆದಾರರು ಇಟ್ಟುಕೊಳ್ಳಲಿ.

ಶಾಲಾ ವಾಹನ ಗುತ್ತಿಗೆದಾರ, ಕಲಬುರಗಿ

ಇಂದು ಸಂಜೆ ಪತ್ರ ಕೊಟ್ಟು ಬಂದೆ. ಮಾಲೀಕರು ಹದಿನೈದು ದಿನದ ಬಿಲ್ಲಿಗೂ ಚೀಟಿಯ ಪದ್ಧತಿಗೂ ಒಪ್ಪಿದರು. ಠೇವಣಿಯ ಜೊತೆಗೆ ಚೆಕ್ ಕೇಳಿದರು, ಸೇಡಂ ರಸ್ತೆಯ ಸರ್ ಹೇಳಿದ ಮಾತನ್ನೇ ಅವರೂ ಹೇಳಿದ್ದು ಕೇಳಿ ನಗು ಬಂತು. ಐವತ್ತು ಪೈಸೆಯ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು "ದಸರಾ ಆದ ಮೇಲೆ ನೋಡೋಣ" ಎಂದರು. ಈ ವೇದಿಕೆಯಲ್ಲಿ ಆ "ನೋಡೋಣ"ದ ಅರ್ಥ ಮೊದಲೇ ತಿಳಿದಿದ್ದರಿಂದ ನಾನೂ ಹೆಚ್ಚು ಒತ್ತಾಯಿಸಲಿಲ್ಲ. ನಾಳೆ ಚೀಟಿ ಪುಸ್ತಕ ಅಚ್ಚು ಹಾಕಿಸಲು ಕೊಡುತ್ತೇನೆ, ಎರಡು ಪ್ರತಿಯದು ಸಾಕೇ ಅಥವಾ ಚಾಲಕನಿಗೂ ಸೇರಿ ಮೂರು ಬೇಕೇ?

ಭಾಲ್ಕಿ ಬಸ್ಸು

ಮೂರು. ಚಾಲಕನ ಪ್ರತಿ ಇಲ್ಲದಿದ್ದರೆ ಜಗಳದ ದಿನ ಅವನ ಬಳಿ ತೋರಿಸಲು ಏನೂ ಇರುವುದಿಲ್ಲ.